ಪಂಪ್‌ಸೆಟ್ ವೈರಿನ ಜಾಯಿಂಟಲ್ಲಿ ಎಲೆಕ್ಟ್ರಾನ್ ಟನೆಲಿಂಗ್ ಆಗುತ್ತಾ?

ಪ್ರಶ್ನೆ: ಸರ್, ನಾನು ಗಂಗಾವತಿಯಲ್ಲಿ ಬಿ.ಎಸ್ಸಿ. ಓದ್ತಿದ್ದೀನಿ. ಅಲ್ಯೂಮಿನಿಯಂ ವೈರಿನ ಮೇಲೆ ಆಕ್ಸೈಡ್ ಪದರ ಇರುತ್ತೆ, ಅದು ಕರೆಂಟ್ ಬಿಡಲ್ಲ, ಆದ್ರೂ ಎರಡು ವೈರ್ ತಿರುವಿದ್ರೆ ಕರೆಂಟ್ ಹರಿಯೋದು ಟನೆಲಿಂಗ್‌ನಿಂದ ಅಂತ ಕ್ಲಾಸಲ್ಲಿ ಹೇಳಿದ್ರು. ಹಾಗಾದ್ರೆ ಆಕ್ಸೈಡ್ ಎರಡು ಪಟ್ಟು ದಪ್ಪ ಆದ್ರೆ ಕರೆಂಟ್ ಅರ್ಧ ಆಗುತ್ತಾ? ಅಲೆ ಒಳಗೆ ಕ್ಷೀಣಿಸುತ್ತೆ ಅಂತಾರಲ್ಲ, ಅಂದ್ರೆ ಎಲೆಕ್ಟ್ರಾನ್ ಅಲ್ಲೇ ಶಕ್ತಿ ಕಳ್ಕೊಳ್ಳುತ್ತಾ? ನಮ್ಮ ಗದ್ದೆ ಪಂಪ್‌ಸೆಟ್ಟಿನ ಜಾಯಿಂಟ್ ಯಾವಾಗ್ಲೂ ಬಿಸಿ ಆಗೋದು ಅದಕ್ಕೇನಾ?

ಉತ್ತರ: ಟನೆಲಿಂಗ್ ಅಂದರೆ ತನ್ನ ಶಕ್ತಿಗಿಂತ ಎತ್ತರದ ತಡೆಯನ್ನು ಎಲೆಕ್ಟ್ರಾನ್ ತನ್ನ ಅಲೆಯ ಗುಣದಿಂದ ದಾಟಿ ಆಚೆ ಸೇರುವುದು. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಕರೆಂಟ್ ಅರ್ಧ ಆಗುವುದಿಲ್ಲ, ಲಕ್ಷಗಟ್ಟಲೆ ಪಟ್ಟು ಬಿದ್ದುಹೋಗುತ್ತದೆ. ಪದರದ ಒಳಗೆ ಎಲೆಕ್ಟ್ರಾನ್ ಶಕ್ತಿ ಕಳೆದುಕೊಳ್ಳುವುದಿಲ್ಲ. ಇನ್ನು ನಿಮ್ಮ ಪಂಪ್‌ಸೆಟ್ಟಿನ ಜಾಯಿಂಟಲ್ಲಿ ಮೋಟಾರಿಗೆ ಹೋಗುವ ಕರೆಂಟ್ ಟನೆಲಿಂಗ್‌ನಿಂದ ಹೋಗುತ್ತಿಲ್ಲ. ಈ ವೈರಿನ ಉದಾಹರಣೆ ತುಂಬಾ ಕಡೆ ಓಡಾಡುತ್ತಿದೆ, ನಿಮ್ಮ ಮೇಷ್ಟ್ರ ತಪ್ಪೇನಲ್ಲ. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದರೆ ಮಾತ್ರ ನಿಲ್ಲುವುದಿಲ್ಲ. ಆ ಲೆಕ್ಕವನ್ನೇ ಇಲ್ಲಿ ಹಾಕೋಣ, ಯಾಕಂದರೆ ದಪ್ಪ ಅನ್ನುವುದು ಟನೆಲಿಂಗ್‌ನಲ್ಲಿ ಏನು ಮಾಡುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಅಲ್ಯೂಮಿನಿಯಂ ಒಳಗಿನ ಎಲೆಕ್ಟ್ರಾನನ್ನು ಒಂದು ಅಲೆ ಎಂದು ತೆಗೆದುಕೊಳ್ಳಿ. ಶ್ರೋಡಿಂಗರ್ ಸಮೀಕರಣವನ್ನು ಹೀಗೆ ಬರೆಯಬಹುದು:

```
d²ψ/dx² = (2m/ħ²) (V − E) ψ
```

ಇಲ್ಲಿ ψ ಅಲೆ, m ಎಲೆಕ್ಟ್ರಾನಿನ ದ್ರವ್ಯರಾಶಿ, E ಅದರ ಶಕ್ತಿ, V ಆ ಜಾಗದಲ್ಲಿರುವ ತಡೆಯ ಎತ್ತರ, ħ ಒಂದು ಸ್ಥಿರಾಂಕ. ಇದರಲ್ಲಿ ನೋಡಬೇಕಾದದ್ದು V − E ಧನವೋ ಋಣವೋ ಎನ್ನುವ ಚಿಹ್ನೆ ಒಂದೇ. ಲೋಹದ ಒಳಗೆ E ದೊಡ್ಡದು, ಬಲಗಡೆ ಋಣವಾಗುತ್ತದೆ. ಆಗ ಅಲೆಯ ಗೆರೆ ಎಲ್ಲೇ ಇರಲಿ, ಅಕ್ಷದ ಕಡೆಗೇ ಬಾಗುತ್ತದೆ. ಮೇಲೆ ಹೋದರೆ ಕೆಳಗೆ ಬಾಗುತ್ತದೆ, ಕೆಳಗೆ ಹೋದರೆ ಮೇಲೆ ಬಾಗುತ್ತದೆ. ಹಾಗಾಗಿ ಏರಿಳಿಯುತ್ತಾ ಸಾಗುತ್ತದೆ. ಆಕ್ಸೈಡ್ ಒಳಗೆ V ದೊಡ್ಡದು. ಚಿಹ್ನೆ ಬದಲಾಯಿತು. ಈಗ ಗೆರೆ ಅಕ್ಷದಿಂದ ದೂರಕ್ಕೆ ಬಾಗುತ್ತದೆ, ಏರಿಳಿತ ಸಾಧ್ಯವೇ ಇಲ್ಲ. ಉಳಿಯುವುದು ಎರಡೇ ಆಕಾರ: e^(−κx) ಎಂದು ಇಳಿಯುವುದು, e^(+κx) ಎಂದು ಏರುವುದು. ಇಲ್ಲಿ κ = √(2m(V−E))/ħ. ಎಲೆಕ್ಟ್ರಾನಿಗೆ ಸಂಖ್ಯೆ ಹಾಕಿದರೆ, V−E ಎಲೆಕ್ಟ್ರಾನ್ ವೋಲ್ಟ್‌ನಲ್ಲಿದ್ದಾಗ, κ ಅಂದರೆ ಒಂದು ನ್ಯಾನೋಮೀಟರಿಗೆ 5.12 × √(V−E).

ಅಲೆ ಒಳಗೆ ಕ್ಷೀಣಿಸುತ್ತದೆ ಎಂದಾಗ ಕುಗ್ಗುವುದು ಅಲೆಯ ಎತ್ತರ. ಶಕ್ತಿ E ಮೂರೂ ಕಡೆ ಅದೇ. ಈಚೆ ಲೋಹದಲ್ಲಿ, ಆಕ್ಸೈಡ್‌ನಲ್ಲಿ, ಆಚೆ ಲೋಹದಲ್ಲಿ ಒಂದೇ E ಇಟ್ಟುಕೊಂಡೇ ನಾವು ಸಮೀಕರಣ ಬಿಡಿಸುವುದು. ದಾಟಿದ ಎಲೆಕ್ಟ್ರಾನ್ ಆಚೆ ಕಡೆ ಬಂದಾಗ ಅದರ ಶಕ್ತಿ ಮೊದಲಿನಷ್ಟೇ ಇರುತ್ತದೆ. ಆದರೆ ದಾಟುವ ಸಾಧ್ಯತೆ ತೀರಾ ಕಡಿಮೆ ಇರುತ್ತದೆ. ದಾಟದೆ ಉಳಿದದ್ದೆಲ್ಲ ವಾಪಸ್ ಪುಟಿಯುತ್ತದೆ, ಪದರದೊಳಗೆ ಹೀರಿಕೊಂಡು ಹೋಗುವುದಿಲ್ಲ. ಎರಡು ಲೋಹಗಳ ನಡುವೆ ವೋಲ್ಟೇಜ್ ಇದ್ದಾಗ ದಾಟಿದ ಎಲೆಕ್ಟ್ರಾನಿಗೆ ಅಲ್ಲಿನ ಎಲೆಕ್ಟ್ರಾನ್‌ಗಳಿಗಿಂತ ಸ್ವಲ್ಪ ಜಾಸ್ತಿ ಶಕ್ತಿ ಇರುತ್ತದೆ, ನಿಜ. ಅದನ್ನು ಆಚೆ ಲೋಹಕ್ಕೆ ಬಂದ ಮೇಲೆ ಡಿಕ್ಕಿ ಹೊಡೆಯುತ್ತಾ ಕಳೆದುಕೊಳ್ಳುತ್ತದೆ. ಬಿಸಿ ಹುಟ್ಟುವುದು ಅಲ್ಲಿ.

ಇನ್ನೊಂದು ಮಾತು ಪಠ್ಯಪುಸ್ತಕಗಳಲ್ಲಿ ಜಾರಿಹೋಗುತ್ತದೆ. ಏರುವ ಆಕಾರವನ್ನು ಸುಮ್ನೆ ಬಿಟ್ಟುಬಿಡುವಂತಿಲ್ಲ. ಬರೀ e^(−κx) ಮಾತ್ರ ಇದ್ದರೆ ಅದರಲ್ಲಿ ಹರಿವು ಸೊನ್ನೆ. ಪದರಕ್ಕೆ ಕೊನೆಯೇ ಇಲ್ಲದಿದ್ದರೆ ಆಗುವುದು ಇದೇ: ಅಲೆ ಸ್ವಲ್ಪ ದೂರ ಒಳಗೆ ಹೋಗಿರುತ್ತದೆ, ಆದರೆ ಕರೆಂಟ್ ಇಲ್ಲ. ಪದರ ಎಲ್ಲೋ ಮುಗಿದು ಆಚೆ ಲೋಹ ಸಿಕ್ಕಾಗ ಅಲ್ಲಿನ ಅಲೆಗೆ ಹೊಂದಿಕೊಳ್ಳಲು ಏರುವ ಭಾಗ ಚೂರು ಬೇಕೇ ಬೇಕು. ಒಳಗಿನ ಅಲೆಯನ್ನು Ae^(−κx) + Be^(κx) ಎಂದು ಬರೆದರೆ, ಹರಿವು ನಿಂತಿರುವುದು A ಮತ್ತು B ಗುಣಲಬ್ಧದ ಮೇಲೆ. ಆಚೆ ಅಂಚಿನಲ್ಲಿ, ಅಂದರೆ x = L ಇದ್ದಲ್ಲಿ, ಎರಡೂ ಭಾಗ ಹೆಚ್ಚುಕಡಿಮೆ ಸಮ ಇರಬೇಕು. ಅಲ್ಲಿಗೆ B ಅನ್ನುವುದು A ಗಿಂತ e^(−2κL) ಪಟ್ಟು ಚಿಕ್ಕದಾಯಿತು. ಪರೀಕ್ಷೆಯಲ್ಲಿ ಬರೆಯುವ ಸೂತ್ರದಲ್ಲಿ 2κL ಇರುತ್ತದಲ್ಲ, ಆ 2 ಬಂದದ್ದು ಇಲ್ಲಿಂದ.

ಈಗ ದಪ್ಪಕ್ಕೆ ಬರೋಣ. ಅಲ್ಯೂಮಿನಿಯಂ ಆಕ್ಸೈಡ್ ಒಡ್ಡುವ ತಡೆ ಎಲೆಕ್ಟ್ರಾನಿನ ಶಕ್ತಿಗಿಂತ 2 ಎಲೆಕ್ಟ್ರಾನ್ ವೋಲ್ಟ್ ಮೇಲಿದೆ ಎಂದು ಇಟ್ಟುಕೊಳ್ಳೋಣ. ತಯಾರಾದ ರೀತಿಯ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ, ಆದರೆ 2 ಅನ್ನುವುದು ಸರಿಯಾದ ಅಳತೆಯಲ್ಲೇ ಇದೆ. ಆಗ κ = 7.24. ಅಂದರೆ ಸುಮಾರು 0.14 ನ್ಯಾನೋಮೀಟರ್ ಒಳಗೆ ಹೋಗುವಷ್ಟರಲ್ಲಿ ಅಲೆಯ ಎತ್ತರ ಮೂರನೇ ಒಂದು ಭಾಗದ ಹತ್ತಿರ ಇಳಿಯುತ್ತದೆ. ಲೋಹದಲ್ಲಿ ಪಕ್ಕಪಕ್ಕದ ಎರಡು ಅಲ್ಯೂಮಿನಿಯಂ ಪರಮಾಣುಗಳ ನಡುವಿನ ದೂರವೇ 0.286 ನ್ಯಾನೋಮೀಟರ್. ಅದರ ಅರ್ಧ ದೂರದಲ್ಲೇ ಇಷ್ಟಾಯಿತು.

ದಾಟುವ ಪ್ರಮಾಣ e^(−14.5 L), L ನ್ಯಾನೋಮೀಟರಿನಲ್ಲಿ. ಒಂದು ನ್ಯಾನೋಮೀಟರ್ ದಪ್ಪಕ್ಕೆ ಈ ಅಂಶ ಸುಮಾರು 20 ಲಕ್ಷದಲ್ಲಿ ಒಂದು. ಎರಡು ನ್ಯಾನೋಮೀಟರಿಗೆ 40 ಲಕ್ಷದಲ್ಲಿ ಒಂದು ಅಲ್ಲ, 20 ಲಕ್ಷ ಗುಣಿಸು 20 ಲಕ್ಷ, ಅಂದರೆ 4 ಲಕ್ಷ ಕೋಟಿಯಲ್ಲಿ ಒಂದು. ಇದು ಚಕ್ರಬಡ್ಡಿ ಉಲ್ಟಾ ತಿರುಗಿದ ಹಾಗೆ: ಪ್ರತಿ ಹೆಜ್ಜೆಯೂ ಮೂಲದ ಮೊತ್ತದಲ್ಲಿ ಕಡಿಯುವುದಿಲ್ಲ, ಅಲ್ಲಿಯವರೆಗೆ ಉಳಿದದ್ದರಲ್ಲಿ ಅಷ್ಟೇ ಪಾಲು ಕಡಿಯುತ್ತದೆ. ಪದರಕ್ಕೆ 0.1 ನ್ಯಾನೋಮೀಟರ್ ಸೇರಿಸಿದರೆ ಸಾಕು, ದಾಟುವುದು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಮಾಮೂಲಿ ತಂತಿಯಲ್ಲಿ ಉದ್ದ ಎರಡು ಪಟ್ಟಾದರೆ ರೋಧ ಎರಡು ಪಟ್ಟು, ಕರೆಂಟ್ ಅರ್ಧ. ನಿಮ್ಮ ತಲೆಯಲ್ಲಿದ್ದದ್ದು ಆ ನಿಯಮ. ಅಲ್ಲಿ ದಪ್ಪ ಭಾಗಾಕಾರದಲ್ಲಿ ಕೂತಿರುತ್ತದೆ, ಇಲ್ಲಿ ಘಾತದಲ್ಲಿ ಕೂತಿದೆ.

ಇದನ್ನು ಓಮ್‌ಗೆ ತಂದು ನೋಡೋಣ. ಎರಡು ಲೋಹಗಳ ನಡುವೆ ತೆಳು ಪದರ ಇದ್ದು, ವೋಲ್ಟೇಜ್ ಕಡಿಮೆ ಇದ್ದಾಗ ಬಳಸಲು ಸಿಮ್ಮನ್ಸ್ ಎಂಬ ವಿಜ್ಞಾನಿ 1963ರಲ್ಲಿ ಕೊಟ್ಟ ಸೂತ್ರವೊಂದಿದೆ. ಲೋಹದಲ್ಲಿ ಎಷ್ಟು ಎಲೆಕ್ಟ್ರಾನ್‌ಗಳು ಬಂದು ಬಡಿಯುತ್ತಿವೆ ಎನ್ನುವುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದು ಚದರ ಸೆಂಟಿಮೀಟರ್ ಜಾಗಕ್ಕೆ, 2 ಎಲೆಕ್ಟ್ರಾನ್ ವೋಲ್ಟ್ ತಡೆಗೆ ಹಾಕಿದರೆ ಬರುವ ರೋಧ ಹೀಗಿದೆ. ಪದರ 1 ನ್ಯಾನೋಮೀಟರ್ ಇದ್ದರೆ ಸುಮಾರು 0.0004 ಓಮ್. ಇದು ಪುಕ್ಕಟೆ ಸಿಕ್ಕ ತಾಮ್ರದ ತುಂಡು ಎಂದೇ ತಿಳಿಯಿರಿ, ತೊಂದರೆಯೇ ಇಲ್ಲ. 2 ನ್ಯಾನೋಮೀಟರ್ ಇದ್ದರೆ ಸುಮಾರು 1,700 ಓಮ್. 3 ನ್ಯಾನೋಮೀಟರಿಗೆ 500 ಕೋಟಿ ಓಮ್ ದಾಟುತ್ತದೆ. 4ಕ್ಕೆ ಹೋದರೆ ಒಂದರ ಮುಂದೆ ಹದಿನಾರು ಸೊನ್ನೆ.

ಗಾಳಿಯಲ್ಲಿಟ್ಟ ಅಲ್ಯೂಮಿನಿಯಂ ಮೇಲೆ ತಾನೇ ಬೆಳೆಯುವ ಆಕ್ಸೈಡ್ 2ರಿಂದ 4 ನ್ಯಾನೋಮೀಟರ್ ಇರುತ್ತದೆ. ಜಾಯಿಂಟಲ್ಲಿ ಎರಡು ವೈರ್, ಅಂದರೆ ಎರಡು ಪದರ. ಕಡಿಮೆ ಎಂದರೂ 4 ನ್ಯಾನೋಮೀಟರ್. ಈಗ ನಿಮ್ಮ ಗದ್ದೆಗೆ ಬನ್ನಿ. 5 ಎಚ್‌ಪಿ ತ್ರೀ ಫೇಸ್ ಮೋಟಾರ್ ಎಂದರೆ ಒಂದೊಂದು ವೈರಿನಲ್ಲೂ 7 ಆಂಪಿಯರ್‌ನ ಆಸುಪಾಸು ಹರಿಯುತ್ತದೆ. ನಾನು ಉದಾರವಾಗಿ ಬರೀ 2 ನ್ಯಾನೋಮೀಟರ್ ಎಂದುಕೊಂಡರೂ, ಒಂದು ಚದರ ಸೆಂಟಿಮೀಟರ್ ಪೂರ್ತಿ ತಾಗಿದೆ ಎಂದುಕೊಂಡರೂ, 1,700 ಓಮ್‌ನಲ್ಲಿ 7 ಆಂಪಿಯರ್ ಹರಿಸಲು 12,000 ವೋಲ್ಟ್ ಬೇಕು. ಕಂಬದಿಂದ ನಿಮಗೆ ಬರುವುದು ಫೇಸಿಗೆ 230. ಮೋಟಾರ್ ಮಾತ್ರ ಆರಾಮಾಗಿ ತಿರುಗುತ್ತಿದೆ, ಅಲ್ವಾ? ಅಂದಮೇಲೆ ಕರೆಂಟ್ ಬೇರೆ ದಾರಿ ಹಿಡಿದಿದೆ.

ಇಲ್ಲಿ ಚುರುಕಾದ ಓದುಗರು ಒಂದು ತಕರಾರು ತೆಗೆಯಬಹುದು. ಆಕ್ಸೈಡ್ ಒಳಗೆ ಎಲೆಕ್ಟ್ರಾನ್ ತನ್ನ ನಿಜವಾದ ದ್ರವ್ಯರಾಶಿಗಿಂತ ಹಗುರಾಗಿರುವಂತೆ ವರ್ತಿಸುತ್ತದೆ, ಹಗುರಾದರೆ κ ಕಡಿಮೆ, ಆಗ ಅಲೆ ನಿಧಾನವಾಗಿ ಇಳಿಯುತ್ತದಲ್ಲ ಎಂದು. ನ್ಯಾಯವಾದ ಮಾತು. 0.4 ಪಟ್ಟು ದ್ರವ್ಯರಾಶಿ ಹಾಕಿದರೆ 2 ನ್ಯಾನೋಮೀಟರಿನ ರೋಧ ಸಾವಿರಗಟ್ಟಲೆ ಪಟ್ಟು ಇಳಿದುಬಿಡುತ್ತದೆ. ಆದರೆ ಎರಡು ಪದರ ಸೇರಿದ 4 ನ್ಯಾನೋಮೀಟರಿಗೆ ಆಗಲೂ ಸುಮಾರು 1 ಕೋಟಿ ಓಮ್ ಉಳಿಯುತ್ತದೆ. ಮೋಟಾರ್ ಓಡಿಸಲು ಅದೂ ಉಪಯೋಗವಿಲ್ಲ. ಈ ತರದ ಲೆಕ್ಕದಲ್ಲಿ ಅಂಕಿಗಳು ಸಾವಿರ ಪಟ್ಟು ಆಚೀಚೆ ಆಗುವುದು ಮಾಮೂಲು, ಘಾತದಲ್ಲಿ ಕೂತಿರುವ ಯಾವುದನ್ನು ಚೂರು ಅಲುಗಿಸಿದರೂ ಹಾಗೇ ಆಗುತ್ತದೆ. ಹಾಗಾಗಿ ಉತ್ತರ ಹತ್ತು ಪಟ್ಟಿನ ಮೇಲೆ ನಿಂತಿದ್ದರೆ ನಂಬಬೇಡಿ. ಕೋಟಿ ಪಟ್ಟಿನ ಮೇಲೆ ನಿಂತಿದ್ದರೆ ನಂಬಬಹುದು.

ಹಾಗಾದರೆ ಆ ದಾರಿ ಯಾವುದು? ವೈರ್ ಎರಡನ್ನೂ ಕಟಿಂಗ್ ಪ್ಲೇಯರಿನಲ್ಲಿ ಬಿಗಿಯಾಗಿ ತಿರುವುತ್ತೀರಿ. ಆಕ್ಸೈಡ್ ಗಟ್ಟಿ, ಆದರೆ ಬಾಗುವ ಗುಣ ಇಲ್ಲ. ಒಳಗಿನ ಅಲ್ಯೂಮಿನಿಯಂ ಮೆತ್ತಗೆ. ಒತ್ತಡ ಬಿದ್ದಾಗ ಆಕ್ಸೈಡ್ ಬಿರುಕು ಬಿಡುತ್ತದೆ, ಬಿರುಕಿನ ಸಂದಿಯಲ್ಲಿ ಮೆತ್ತನೆ ಲೋಹ ಹೊರಗೆ ನುಗ್ಗಿ ಆಚೆ ವೈರಿನ ಲೋಹಕ್ಕೆ ನೇರವಾಗಿ ತಾಗುತ್ತದೆ. ಕಣ್ಣಿಗೆ ಕಾಣದ ಇಂಥ ಚುಕ್ಕೆಗಳ ಮೂಲಕ ಎಲ್ಲ ಕರೆಂಟೂ ಹರಿಯುತ್ತದೆ. ಕರೆಂಟ್ ಇಕ್ಕಟ್ಟಾದ ಜಾಗದಲ್ಲಿ ತೂರಿ ಹೋಗಬೇಕಾಗಿರುವುದರಿಂದ ಆ ಚುಕ್ಕೆಗಳ ಹತ್ತಿರವೇ ಬಿಸಿ ಹುಟ್ಟುತ್ತದೆ. ಮೋಟಾರ್ ಓಡಿದಾಗ ಬಿಸಿಯಾಗಿ ಹಿಗ್ಗಿ, ನಿಂತಾಗ ಕುಗ್ಗಿ, ಮೆತ್ತನೆ ಅಲ್ಯೂಮಿನಿಯಂ ಒತ್ತಡಕ್ಕೆ ಮೆಲ್ಲಗೆ ಜರುಗಿ, ಜಾಯಿಂಟ್ ದಿನದಿನಕ್ಕೂ ಸಡಿಲವಾಗುತ್ತದೆ. ತೆರೆದುಕೊಂಡ ಚುಕ್ಕೆಗಳ ಮೇಲೆ ಹೊಸ ಆಕ್ಸೈಡ್ ಕೂರುತ್ತದೆ. ಚುಕ್ಕೆಗಳು ಕಮ್ಮಿಯಾದಷ್ಟೂ ಉಳಿದವಕ್ಕೆ ಹೊರೆ ಜಾಸ್ತಿ. ನಿಮ್ಮ ಜಾಯಿಂಟ್ ಬಿಸಿಯಾಗುವುದು ಇದರಿಂದ.

ಆಕ್ಸೈಡ್ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಲ್ಲ, ಎಲ್ಲೋ ತೆಳು ಇರುವ ಕಡೆ ಟನೆಲಿಂಗ್ ಆಗಬಾರದೇಕೆ ಎಂದು ನೀವು ಕೇಳಬಹುದು. ಕೇಳಲೇಬೇಕು. ಇದೇ ಇಡೀ ವಿಷಯದಲ್ಲಿ ಜನ ಹೆಚ್ಚು ಎಡವುವ ಜಾಗ. ಪದರದ ನೂರರಲ್ಲಿ ಒಂದು ಪಾಲು ಜಾಗ 1 ನ್ಯಾನೋಮೀಟರ್ ಇದೆ, ಮಿಕ್ಕ 99 ಪಾಲು 2 ನ್ಯಾನೋಮೀಟರ್ ಇದೆ ಎಂದುಕೊಳ್ಳಿ. ಸರಾಸರಿ ದಪ್ಪ 1.99. ಸರಾಸರಿ ಹಾಕಿ ಲೆಕ್ಕ ಮಾಡಿದರೆ 1,500 ಓಮ್‌ನ ಆಸುಪಾಸು ಬರುತ್ತದೆ. ನಿಜವಾದ ಉತ್ತರ? ಆ ಒಂದು ಪಾಲು ಜಾಗದ ರೋಧ 0.0004 ಅನ್ನು ನೂರರಿಂದ ಗುಣಿಸಿದಷ್ಟು, ಅಂದರೆ 0.04 ಓಮ್. ಮಿಕ್ಕ 99 ಪಾಲು ಇದ್ದೂ ಇಲ್ಲದಂತೆ. ಕರೆಂಟಿನ ಲಕ್ಷದಲ್ಲಿ ಮೂರು ಪಾಲು ಕೂಡ ಅಲ್ಲಿಂದ ಹೋಗುವುದಿಲ್ಲ. ಹಾಗಾಗಿ ಟನೆಲಿಂಗ್ ಅಳೆದು ದಪ್ಪ ಕಂಡುಹಿಡಿದೆ ಎಂದು ಯಾರಾದರೂ ಹೇಳಿದರೆ, ಅವರು ಕಂಡುಹಿಡಿದದ್ದು ಅತಿ ತೆಳು ಜಾಗಗಳ ದಪ್ಪ. ಸೂಕ್ಷ್ಮದರ್ಶಕದಲ್ಲಿ ನೋಡಿದ ದಪ್ಪಕ್ಕೂ ಕರೆಂಟಿನಿಂದ ತೆಗೆದ ದಪ್ಪಕ್ಕೂ ತಾಳೆಯಾಗದಿದ್ದರೆ ಮೊದಲು ಇಲ್ಲಿ ಅನುಮಾನ ಪಡಬೇಕು.

ಜಾಯಿಂಟಲ್ಲೂ ಅಂಥ ತೆಳು ಜಾಗಗಳು ಇರಬಹುದು. ಆದರೆ ಒತ್ತಿ ತಿರುವಿದ ಜಾಯಿಂಟಲ್ಲಿ ಪಕ್ಕದಲ್ಲೇ ಆಕ್ಸೈಡ್ ಪೂರ್ತಿ ಒಡೆದ ಚುಕ್ಕೆಗಳಿರುತ್ತವೆ. ಅವುಗಳ ಮುಂದೆ ಟನೆಲಿಂಗ್ ಪಾಲು ಲೆಕ್ಕಕ್ಕೆ ಬರುವುದಿಲ್ಲ. ಒಂದು ವೇಳೆ ಎಲ್ಲೂ ಒಡೆಯದೆ ಉಳಿದಿದ್ದರೆ, ಕೆಲವೇ ನ್ಯಾನೋಮೀಟರ್ ದಪ್ಪದ ಪದರದ ಮೇಲೆ ನೂರಾರು ವೋಲ್ಟ್ ಬಿದ್ದು ಅದು ತಕ್ಷಣ ಸುಟ್ಟು ತೂತಾಗುತ್ತದೆ. ಆಗಲೂ ಕೊನೆಗೆ ದಾರಿಯಾಗುವುದು ಲೋಹವೇ.

ಬರೀ ಮಾತು ಬೇಡ, ಪರೀಕ್ಷೆ ಮಾಡಿ ತಿಳಿಯುವುದು ಹೇಗೆ ಅಂದರೆ ಎರಡು ಗುರುತು ಇವೆ. ಒಂದು, ತಾಪಮಾನ. ಲೋಹದ ಚುಕ್ಕೆಯ ರೋಧ ಬಿಸಿಯಾದಂತೆ ಏರುತ್ತದೆ, ಡಿಗ್ರಿಗೆ ನೂರಕ್ಕೆ 0.4ರಷ್ಟು. ಟನೆಲಿಂಗ್ ರೋಧ ತಾಪಕ್ಕೆ ಹೆಚ್ಚು ಜಗ್ಗುವುದಿಲ್ಲ, ಬದಲಾದರೂ ಸ್ವಲ್ಪ ಇಳಿಯುತ್ತದೆ. ಎರಡು, ವೋಲ್ಟೇಜ್. ಲೋಹದಲ್ಲಿ ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟೂ ಎರಡು ಪಟ್ಟು. ಟನೆಲಿಂಗ್‌ನಲ್ಲಿ ವೋಲ್ಟಿನ ಹತ್ತನೇ ಭಾಗಗಳನ್ನು ದಾಟುತ್ತಿದ್ದಂತೆ ಕರೆಂಟ್ ಅದಕ್ಕಿಂತ ಜೋರಾಗಿ ಏರಲು ಶುರುವಾಗುತ್ತದೆ, ಯಾಕಂದರೆ ತಡೆಯ ತಲೆ ವಾಲಿ ಅದು ಸರಾಸರಿಯಲ್ಲಿ ತಗ್ಗುತ್ತದೆ. ನಿಮ್ಮ ಕಾಲೇಜು ಲ್ಯಾಬಿನಲ್ಲಿ ಬ್ಯಾಟರಿ, ರಿಯೋಸ್ಟಾಟ್, ಮಿಲಿವೋಲ್ಟ್ ಮೀಟರ್ ಇಟ್ಟುಕೊಂಡು ತಿರುವಿದ ಅಲ್ಯೂಮಿನಿಯಂ ತುಂಡುಗಳ ಮೇಲೆ ಇದನ್ನು ಮಾಡಬಹುದು. ಗೆರೆ ನೆಟ್ಟಗೆ ಬರುತ್ತದೆ. ಗದ್ದೆಯ ಸ್ಟಾರ್ಟರ್ ಡಬ್ಬಿಯಲ್ಲಿ ಮಾತ್ರ ಪ್ರಯೋಗ ಬೇಡ.

ಹಾಗಂತ ಅಲ್ಯೂಮಿನಿಯಂ ಆಕ್ಸೈಡಿನಲ್ಲಿ ಟನೆಲಿಂಗ್ ಆಗುವುದೇ ಇಲ್ಲ ಎಂದಲ್ಲ. ಆ ವಿದ್ಯೆಗೇ ನೊಬೆಲ್ ಬಂದಿದೆ. 1960ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಲ್ಯಾಬಿನಲ್ಲಿ ಐವರ್ ಗಯೇವರ್ ಎಂಬಾತ, ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಗಾಜಿನ ತುಂಡಿನ ಮೇಲೆ ಅಲ್ಯೂಮಿನಿಯಂ ಆವಿಯನ್ನು ಪಟ್ಟಿಯಾಗಿ ಕೂರಿಸಿದ. ಸ್ವಲ್ಪ ಹೊತ್ತು ಗಾಳಿಗಿಟ್ಟು ಆಕ್ಸೈಡ್ ಬೆಳೆಸಿದ. ಅದರ ಮೇಲೆ ಅಡ್ಡಲಾಗಿ ಸೀಸದ ಪಟ್ಟಿ ಕೂರಿಸಿದ. ನಮ್ಮ ಜಾಯಿಂಟಿಗೂ ಇದಕ್ಕೂ ವ್ಯತ್ಯಾಸ ಗಮನಿಸಿ. ಇಲ್ಲಿ ಪದರ ಒಂದೇ, ಎರಡಿಲ್ಲ. ಸೀಸ ಆವಿಯಾಗಿ ಬಂದು ಮೆಲ್ಲಗೆ ಕೂತಿತು, ಒತ್ತಿ ತಿರುವಿಲ್ಲ, ಹಾಗಾಗಿ ಆಕ್ಸೈಡ್ ಒಡೆದಿಲ್ಲ. ಅಳೆದದ್ದು ಮಿಲಿವೋಲ್ಟ್‌ಗಳಲ್ಲಿ. ಆದರೂ ಅವನಿಗೂ ಇದೇ ಅನುಮಾನ ಇತ್ತು: ಇದು ನಿಜಕ್ಕೂ ಟನೆಲಿಂಗಾ, ಇಲ್ಲ ಎಲ್ಲೋ ಲೋಹ ತೂರಿ ತಾಗಿದೆಯಾ?

ಅದನ್ನು ಬಿಡಿಸಿದ್ದು ಸೀಸ. ಸೀಸವನ್ನು ದ್ರವ ಹೀಲಿಯಂನಿಂದ 7.2 ಕೆಲ್ವಿನ್‌ಗಿಂತ ಕೆಳಗೆ ತಂಪು ಮಾಡಿದರೆ ಅದು ಅತಿವಾಹಕವಾಗುತ್ತದೆ. ಆಗ ಅದರೊಳಗೆ ಎಲೆಕ್ಟ್ರಾನ್ ಇರಬಹುದಾದ ಶಕ್ತಿಗಳ ನಡುವೆ ಒಂದು ಖಾಲಿ ಅಂತರ ಹುಟ್ಟುತ್ತದೆ. ನಿಜವಾಗಿಯೂ ಟನೆಲಿಂಗ್ ಆಗುತ್ತಿದ್ದರೆ ಎಲೆಕ್ಟ್ರಾನ್ ಅದೇ ಶಕ್ತಿಯಲ್ಲಿ ಆಚೆ ಬರಬೇಕು, ಆದರೆ ಆ ಶಕ್ತಿಯಲ್ಲಿ ಅಲ್ಲಿ ಜಾಗವೇ ಇಲ್ಲ. ಕರೆಂಟ್ ತಗ್ಗಲೇಬೇಕು. ಲೋಹ ತಾಗಿದ್ದರೆ ತಣ್ಣಗಾದಾಗ ಕರೆಂಟ್ ಸರಾಗವಾಗಿ ಹರಿಯುತ್ತಿತ್ತು. ಗಯೇವರ್ ನೋಡಿದಾಗ ಕಡಿಮೆ ವೋಲ್ಟೇಜಿನಲ್ಲಿ ಕರೆಂಟ್ ಬಿದ್ದಿತ್ತು. ಪದರದೊಳಗೆ ಎಲೆಕ್ಟ್ರಾನ್ ಶಕ್ತಿ ಕಳೆದುಕೊಳ್ಳುವುದಿಲ್ಲ ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಗೊತ್ತಿಲ್ಲ. 1973ರ ನೊಬೆಲ್ ಪ್ರಶಸ್ತಿಯಲ್ಲಿ ಎಸಾಕಿ ಮತ್ತು ಜೋಸೆಫ್ಸನ್ ಜೊತೆ ಅವನಿಗೂ ಪಾಲು ಸಿಕ್ಕಿತು.

ಕೊನೆಗೆ ನಿಮ್ಮ ಮೇಷ್ಟ್ರ ಪರವಾಗಿಯೂ ಒಂದು ಮಾತು ಇದೆ. ನಿಮ್ಮ ವೈರಿನ ಮೇಲೆ ಟನೆಲಿಂಗ್ ನಡೆಯುವ ಒಂದು ಗಳಿಗೆ ಇದೆ, ಅದು ವೈರನ್ನು ಕೆರೆದ ತಕ್ಷಣ. ಹೊಳೆಯುವ ಲೋಹದ ಮೇಲೆ ಆಮ್ಲಜನಕ ಬಂದು ಕೂರುತ್ತದೆ. ಆಕ್ಸೈಡ್ ಇನ್ನೂ ತೀರಾ ತೆಳು ಇರುವುದರಿಂದ ಎಲೆಕ್ಟ್ರಾನ್‌ಗಳು ಅದರ ಮೂಲಕ ದಾಟಿ ಆಮ್ಲಜನಕಕ್ಕೆ ಸೇರಿಕೊಳ್ಳುತ್ತವೆ. ಹೊರಗಡೆ ಋಣ, ಒಳಗಡೆ ಧನ ಆಗಿ, ನಡುವೆ ಬಲವಾದ ವಿದ್ಯುತ್ ಕ್ಷೇತ್ರ ಹುಟ್ಟಿ ಅಲ್ಯೂಮಿನಿಯಂ ಅಯಾನುಗಳನ್ನು ಹೊರಕ್ಕೆ ಎಳೆಯುತ್ತದೆ. ಪದರ ದಪ್ಪವಾದಷ್ಟೂ ಎಲೆಕ್ಟ್ರಾನ್ ದಾಟುವುದೂ ಕಷ್ಟ, ಕ್ಷೇತ್ರವೂ ಸಪ್ಪೆ. ಕೆಲವು ನ್ಯಾನೋಮೀಟರಿಗೆ ಬೆಳವಣಿಗೆ ನಿಂತೇಹೋಗುತ್ತದೆ. ಕ್ಯಾಬ್ರೆರಾ ಮತ್ತು ಮಾಟ್ ಎಂಬ ವಿಜ್ಞಾನಿಗಳು 1940ರ ದಶಕದ ಕೊನೆಯಲ್ಲಿ ಕೊಟ್ಟ ವಿವರಣೆ ಇದು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಪೂರ್ತಿ ತುಕ್ಕು ಹಿಡಿದು ಉದುರದೆ ಇರುವುದು ಇಂಥ ಪದರ ಮೇಲೆ ಗಟ್ಟಿಯಾಗಿ ಕೂತು ನಿಲ್ಲುವುದರಿಂದ.

ಈ ಬೆಳವಣಿಗೆಯ ಮೊದಲ ಭಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಕೆರೆದು, ಬೀಡಿ ಹಚ್ಚಿ, ಆಮೇಲೆ ಜಾಯಿಂಟ್ ಹಾಕಿದರೆ ಕೆರೆದದ್ದು ದಂಡ. ಗೊತ್ತಿರುವ ಎಲೆಕ್ಟ್ರಿಷಿಯನ್‌ಗಳು ಅಲ್ಯೂಮಿನಿಯಂ ಜಾಯಿಂಟಿಗೆ ಬರುವ ಪೇಸ್ಟನ್ನು ಮೊದಲೇ ಹಚ್ಚಿ, ಪೇಸ್ಟಿನ ಒಳಗೇ ಕೆರೆದು, ಗಾಳಿ ತಾಗಲು ಬಿಡದೆ ಲಗ್ ಹಾಕಿ ಒತ್ತುತ್ತಾರೆ. ಮುಂದಿನ ಸಲ ಮೇನ್ ಆಫ್ ಮಾಡಿಸಿ ನಿಮ್ಮ ಜಾಯಿಂಟನ್ನೂ ಹೀಗೇ ಮಾಡಿಸಿ. ತಿರುವಿ ಟೇಪ್ ಸುತ್ತಿದ ಜಾಯಿಂಟ್ ಆ ಗದ್ದೆಯಲ್ಲಿ ಹೆಚ್ಚು ದಿನ ತಣ್ಣಗಿರುವುದಿಲ್ಲ.